ಮುಚ್ಚಳ ತೊಳೆಯಬೇಡಿ

ಕಂಪೆನಿಯವರು ಕೇಳಿದ ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಅನುಷ್ಕಾ ಸುಳ್ಳು ಬರೆದಳು. ಒಂದೇ ಒಂದು. ಆದರೆ ಸುಳ್ಳಿಗೆ ಒಂದು, ಎರಡು ಎಂಬ ಲೆಕ್ಕ ಉಂಟೇ? ಅನ್ನದ ಬಟ್ಟಲಿನಲ್ಲಿ ಕಲ್ಲು ಒಂದಿದ್ದರೂ ಹಲ್ಲಿಗೆ ಸಿಕ್ಕುವುದು ಅದೇ.

ಉಳಿದದ್ದೆಲ್ಲ ನಿಜವನ್ನೇ ಬರೆದಿದ್ದಳು. ಐದು ಲೀಟರಿನ ಅಲ್ಯೂಮಿನಿಯಂ ಕುಕ್ಕರ್, ಮೇಲ್ಮುಚ್ಚಳದ್ದು, ಐಎಸ್‌ಐ ಮುದ್ರೆ ಇರುವುದು. ಪಂಪ್‌ವೆಲ್‌ನ ರಾಝಿಕ್ ಅವರ ಪಾತ್ರೆ ಅಂಗಡಿಯಲ್ಲಿ ಕಳೆದ ವರ್ಷ ಚೌತಿಯ ರಿಯಾಯಿತಿಯಲ್ಲಿ ಕೊಂಡದ್ದು. ಬಿಲ್ಲು ಗಂಡ ರೂಪೇಶನ ಹೆಸರಿನಲ್ಲಿದೆ, ಪ್ರತಿ ಲಗತ್ತಿಸಿದೆ. ಆಮೇಲೆ ಹೀಗೆ: 'ಬೆಳಿಗ್ಗೆ ಕುಚ್ಚಲಕ್ಕಿ ಬೇಯಲು ಇಟ್ಟಾಗ ಬಹಳ ಹೊತ್ತು ಸೀಟಿ ಬರಲಿಲ್ಲ. ನನ್ನ ಅತ್ತೆ ಮುದ್ದು ಅವರು ಉರಿ ಸಣ್ಣದು ಮಾಡಲು ಹತ್ತಿರ ಹೋದಾಗ ಮುಚ್ಚಳ ದೊಡ್ಡ ಶಬ್ದದೊಂದಿಗೆ ಹಾರಿ ಮಾಡಿಗೆ ಬಡಿಯಿತು. ಕುದಿಯುವ ಗಂಜಿ ಅವರ ಮುಖ, ಕುತ್ತಿಗೆ ಮತ್ತು ಬಲತೋಳಿನ ಮೇಲೆ ಬಿದ್ದು ಚರ್ಮ ಸುಲಿದಿದೆ. ಬಲಗಣ್ಣಿನ ಪಾಪೆ ಸುಟ್ಟಿದೆ. ಆ ಕಣ್ಣಿಗೆ ದೃಷ್ಟಿ ಮರಳುವ ಭರವಸೆ ಕೊಡಲಾಗುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿದೆ.'

ಕಂಪೆನಿಯ ಪ್ರಶ್ನೆ ಮರುದಿನವೇ ಬಂತು. ಕುಕ್ಕರಿನ ಯಾವುದಾದರೂ ಭಾಗವನ್ನು ಹೊರಗಿನವರಿಂದ ಬದಲಾಯಿಸಿದ್ದೀರಾ?

'ಇಲ್ಲ' ಎಂದು ಬರೆದಳು. 

ಆದರೆ ಬದಲಾಯಿಸಿದ್ದುಂಟು. ಮಳೆಗಾಲದ ಮೊದಲು ಒಂದು ದಿನ ಮುದ್ದಕ್ಕ ಕುಕ್ಕರ್ ಇಟ್ಟು ಕಾವೂರಿನ ಮಗಳ ಹತ್ತಿರ ಫೋನಿನಲ್ಲಿ ಮಾತಿಗೆ ಕೂತಿದ್ದರು. ಮಗಳು ನಿರೀಕ್ಷಾ ಆಗಷ್ಟೇ ಬಾಣಂತನ ಮುಗಿಸಿ ಹೋದವಳು. ಮಗು ಹಾಲು ಕುಡಿಯಿತಾ, ಕಕ್ಕಿತಾ ಎಂಬುದರಲ್ಲಿ ಕುಕ್ಕರಿನ ನೀರೆಲ್ಲ ಆರಿ, ಮುಚ್ಚಳದ ಸೇಫ್ಟಿ ವಾಲ್ವ್ ಕರಗಿ ಬುಸ್ಸೆಂದು ಹಬೆ ಹೊರಗೆ ಬಂತು. ವಾಲ್ವ್ ಇರುವುದೇ ಅದಕ್ಕೆ. ಬಿಸಿ ಮಿತಿ ಮೀರಿದರೆ ಒಳಗಿನ ಸಣ್ಣ ಲೋಹದ ಬಿಲ್ಲೆ ತಾನು ಕರಗಿ ಕುಕ್ಕರನ್ನೂ ಮನೆಯವರನ್ನೂ ಉಳಿಸುತ್ತದೆ. ಮುದ್ದಕ್ಕನ ಪಾಲಿಗೆ ಮಾತ್ರ ಅದು 'ಲೀಕು'. ಬೋಳಾರದ ಓಣಿಗಳಲ್ಲಿ ಸ್ಟವ್ ರಿಪೇರಿ ಎಂದು ಕೂಗಿಕೊಂಡು ಬರುವವನೊಬ್ಬನನ್ನು ನಿಲ್ಲಿಸಿ ತೋರಿಸಿದರು. ಅವನ ಹತ್ತಿರ ವಾಲ್ವ್ ಇರಲಿಲ್ಲ. ಆ ತೂತಿಗೆ ಒಂದು ಬೋಲ್ಟ್ ಹಾಕಿ, ವಾಷರ್ ಕೊಟ್ಟು, ನಟ್ಟು ಬಿಗಿದ. "ಇನ್ನು ಜನ್ಮದಲ್ಲಿ ಲೀಕ್ ಆಗ್ಲಿಕ್ಕಿಲ್ಲ ಅಮ್ಮಾ," ಎಂದ. ಮಹಾನುಭಾವ, ಸತ್ಯವನ್ನೇ ನುಡಿದಿದ್ದ.

ಅನುಷ್ಕಾ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಬಂದು ನೋಡಿ, "ಮಾಮಿ, ಇದು ಸರಿ ಅಲ್ಲ. ಕಂಪೆನಿದ್ದೇ ವಾಲ್ವ್ ತರ್ತೇನೆ," ಎಂದಿದ್ದಳು. ಎಂದಿದ್ದಳು ಅಷ್ಟೇ. ಇವತ್ತು ತರುವ, ನಾಳೆ ತರುವ ಎನ್ನುತ್ತ ಮಳೆಗಾಲ ಕಳೆಯಿತು, ನವರಾತ್ರಿ ಕಳೆಯಿತು, ಹೊಸ ಅಕ್ಕಿ ಊಟವೂ ಆಯಿತು. ಅದರ ಮರುವಾರವೇ ಮುಚ್ಚಳ ಹಾರಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಆ ಗಾದೆ ಅವಳಿಗೆ ಆಸ್ಪತ್ರೆಯ ಬೆಂಚಿನಲ್ಲಿ ಕೂತಾಗ ಎಷ್ಟು ಸಲ ನೆನಪಾಯಿತೋ ದೇವರಿಗೇ ಗೊತ್ತು.

ಮಸ್ಕತ್‌ನಿಂದ ರೂಪೇಶ್ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದ: "ಇಲ್ಲ ಅಂತಲೇ ಬರಿ. ಬೋಲ್ಟಿನ ಸುದ್ದಿ ಎತ್ತಿದರೆ ಅವರು ನಮ್ಮ ತಲೆ ಮೇಲೆಯೇ ಹಾಕ್ತಾರೆ. ಅಮ್ಮನ ಕಣ್ಣಿಗೆ ಇನ್ನೂ ಆಪರೇಶನ್ ಉಂಟು."

"ಅವರು ಬಂದು ನೋಡಿದರೆ?"

"ಮೊದಲೇ ಬೋಲ್ಟ್ ತೆಗೆದು ಹೊಸ ವಾಲ್ವ್ ಹಾಕಿಸು."

"ಅಷ್ಟೆಲ್ಲ ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ರೇ. ಆ ಮುಚ್ಚಳ ನೋಡಿದರೇ ನನಗೆ ತಲೆ ತಿರುಗ್ತದೆ."

ನಿಜವೇ. ಸ್ಫೋಟವಾದ ದಿನ ನೆರೆಮನೆಯ ಆಶಾಲತಾ ಓಡಿ ಬಂದು, ಫ್ರಿಜ್ಜಿನ ಹಿಂದೆ ಬಿದ್ದಿದ್ದ ಮುಚ್ಚಳವನ್ನು ಕೋಲಿನಿಂದ ಎಳೆದು, ಅನ್ನ ಮೆತ್ತಿದ ಹಾಗೆಯೇ ಅಕ್ಕಿಯ ಚೀಲಕ್ಕೆ ಹಾಕಿ ಕಟ್ಟಿದ್ದಳು. ಅದಕ್ಕೆ ಮೊದಲು ಫೋಟೋ ಹೊಡೆದವಳೂ ಅವಳೇ. ಫೋಟೋದಲ್ಲಿ ಕಾಣುವುದು ಸೊಟ್ಟಗಾದ ಒಂದು ತಗಡು, ಅದರ ಮೇಲೆ ಒಣಗಿದ ಗಂಜಿ. ಬೋಲ್ಟ್ ಕಾಣುತ್ತಿರಲಿಲ್ಲ, ಅನುಷ್ಕಾಗೆ ಅದೇ ಒಂದು ಸಮಾಧಾನ. ಕಂಪೆನಿಯ ಮೇಲ್‌ನಲ್ಲಿ 'ಮುಚ್ಚಳ ತೊಳೆಯಬೇಡಿ, ಭಾಗಗಳನ್ನು ಬಿಚ್ಚಬೇಡಿ, ನಮ್ಮ ಪ್ರತಿನಿಧಿ ಬರುವವರೆಗೆ ಇದ್ದ ಹಾಗೆಯೇ ಇಡಿ' ಎಂದಿತ್ತು. ಅದು ಅವಳಿಗೆ ನೆಪವೂ ಆಯಿತು. ಚೀಲ ಅಟ್ಟದ ಮೂಲೆಗೆ ಹೋಯಿತು. ಯಾರೂ ಬಿಚ್ಚಲಿಲ್ಲ.

ಮುದ್ದಕ್ಕ ಇನ್ನೊಂದು ಅಪ್ಪಣೆಯನ್ನೂ ಹೊರಡಿಸಿದ್ದರು. ನಿರೀಕ್ಷಾಳಿಗೆ ಬೋಲ್ಟಿನ ವಿಷಯ ಹೇಳಬಾರದು. "ಅವಳ ಬಾಯಿಯಲ್ಲಿ ಮಾತು ನಿಲ್ಲುವುದಿಲ್ಲ. ಗಂಡನಿಗೆ ಹೇಳ್ತಾಳೆ, ಅವನು ಊರಿಡೀ ಹೇಳ್ತಾನೆ." ನಿರೀಕ್ಷಾಳ ಮನೆಯಲ್ಲೂ ಅದೇ ಕುಕ್ಕರ್. ಅದೇ ಅಂಗಡಿ, ಅದೇ ದಿನ, ಅದೇ ರಿಯಾಯಿತಿ. ರೂಪೇಶ್ ಅಮ್ಮನಿಗೊಂದು ತಂಗಿಗೊಂದು ಎಂದು ಜೋಡಿಯಾಗಿ ತಂದದ್ದು. ಅವಳು ಹೆದರಿ, "ಅಮ್ಮಾ, ನನ್ನದನ್ನು ಬಿಸಾಡಲಾ?" ಎಂದು ಕೇಳಿದಾಗ ಮುದ್ದಕ್ಕ ಬ್ಯಾಂಡೇಜಿನೊಳಗಿನಿಂದಲೇ, "ನಿನ್ನದಕ್ಕೆ ಎಂತ ಆಗ್ಲಿಕ್ಕಿಲ್ಲ. ಹೊಸದರ ಹಾಗೆ ಉಂಟು. ನನ್ನ ಗ್ರಹಚಾರ, ನನಗಾಯ್ತು," ಎಂದು ಧೈರ್ಯ ತುಂಬಿದರು. ಬೋಲ್ಟ್ ಹಾಕಿದ್ದು ತನ್ನದಕ್ಕೆ, ಸಿಡಿದದ್ದೂ ತನ್ನದು, ಹಾಗಾಗಿ ಮಗಳದು ಸುರಕ್ಷಿತ. ತಾಯಿಯ ಲೆಕ್ಕ ಎಷ್ಟು ಸರಳ ನೋಡಿ!

ಕಂಪೆನಿಯ ಮನುಷ್ಯ ಬಂದದ್ದು ಬುಧವಾರ ಬೆಳಿಗ್ಗೆ, ಅನ್ನ ಬೇಯುವ ಹೊತ್ತಿಗೆ. ಲತೇಶ್ ಎಂದು ಹೆಸರು. ಜಿಲ್ಲೆಯ ಸರ್ವಿಸ್ ನೋಡಿಕೊಳ್ಳುವವನು. ಮಾತಿನ ಎಳೆ ಕೇಳಿದರೆ ಇಲ್ಲಿಯವನೇ ಎಂದು ಗೊತ್ತಾಗುತ್ತಿತ್ತು, ಆದರೂ ಒಂದು ತುಳು ಶಬ್ದ ಆಡಲಿಲ್ಲ. ಆಫೀಸಿನ ಕನ್ನಡ, ಇಸ್ತ್ರಿ ಹಾಕಿದ್ದು. "ನಮಸ್ಕಾರ. ತಮ್ಮ ದೂರಿನ ಪರಿಶೀಲನೆಗೆ ಬಂದಿದ್ದೇನೆ. ಮುಚ್ಚಳ ಮತ್ತು ಪಾತ್ರೆ ಎರಡೂ ಬೇಕು."

ಮುದ್ದಕ್ಕ ಒಳಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತರು. ಮುಖದ ಅರ್ಧ ಭಾಗ ಹೊಸ ಚರ್ಮದ ನಸುಗೆಂಪು, ಬಲಗಣ್ಣಿಗೆ ಪಟ್ಟಿ. ಲತೇಶ್ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದ. ಪಾಪ, ಅವನೂ ಮನುಷ್ಯನೇ. ಆಶಾಲತಾ ಏಣಿ ಇಟ್ಟು ಚೀಲ ಇಳಿಸಿಕೊಟ್ಟು, ಒಲೆಯ ಮೇಲೆ ಸಾರು ಉಂಟು ಎಂದು ತನ್ನ ಮನೆಗೆ ಓಡಿದಳು.

ಅನುಷ್ಕಾ ನಿಂತೇ ಇದ್ದಳು.  ಈಗ ಬೋಲ್ಟ್ ಕಾಣುತ್ತದೆ. ಈಗ ಇವನು ತಲೆ ಎತ್ತಿ, 'ಇಲ್ಲ ಅಂತ ಬರೆದಿದ್ದೀರಲ್ಲ ಮೇಡಂ,' ಎನ್ನುತ್ತಾನೆ. ಅಲ್ಲಿಗೆ ಮಾಮಿಯ ಕಣ್ಣೂ ಹೋಯಿತು, ಮಾನವೂ ಹೋಯಿತು.

ಲತೇಶ್ ಪತ್ರಿಕೆ ಹಾಸಿ ಮುಚ್ಚಳವನ್ನು ಅದರ ಮೇಲಿಟ್ಟ. ಎಲ್ಲ ಕಡೆಯಿಂದ ಫೋಟೋ ಹೊಡೆದ. ಮೊದಲು ಸೀಟಿ ಕೂರುವ ನಳಿಗೆಗೆ ಸಪೂರ ತಂತಿ ತೂರಿಸಿ ನೋಡಿದ, ಅದು ಹೋಗಲಿಲ್ಲ. ಇನ್ನೊಮ್ಮೆ ಒತ್ತಿದ, ಹೋಗಲಿಲ್ಲ. "ಇಲ್ಲಿ ಅನ್ನ ಕಟ್ಟಿದೆ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿದ್ದೀರಾ?"

"ಸ್ವಲ್ಪ ಹೆಚ್ಚಿತ್ತೋ ಏನೋ," ಎಂದರು ಮುದ್ದಕ್ಕ. "ಕುಚ್ಚಲಕ್ಕಿ ಅಲ್ವಾ, ಉಕ್ಕುತ್ತದೆ."

"ಹಬೆಯ ದಾರಿ ಕಟ್ಟಿದರೆ ಸೇಫ್ಟಿ ವಾಲ್ವ್ ತೆರೆದುಕೊಳ್ಳಬೇಕು," ಎಂದ ಲತೇಶ್. ಯಾರಿಗೆ ಹೇಳಿದನೋ, ತನಗೇ ಹೇಳಿಕೊಂಡನೋ. ಚಮಚದ ಹಿಡಿಯಿಂದ ಒಣಗಿದ ಗಂಜಿಯನ್ನು ಮೆಲ್ಲ ಕೆರೆಯತೊಡಗಿದ. ಅನುಷ್ಕಾ ಕಣ್ಣು ಮುಚ್ಚಿಕೊಂಡಳು.

ಬೈಗುಳ ಬರಲಿಲ್ಲ. ಪ್ರಶ್ನೆಯೂ ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಅವನು ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದ. ಅವನ ಹಣೆಯಲ್ಲಿ ಬೆವರು ಒಡೆದಿತ್ತು.

"ವಾಲ್ವ್ ನಮ್ಮದೇ," ಎಂದ. "ಕಂಪೆನಿಯ ಮುದ್ರೆ ಇದೆ. ಯಾರೂ ಮುಟ್ಟಿಲ್ಲ." ಆಮೇಲೆ ಸ್ವರ ತಗ್ಗಿಸಿ, "ಕರಗಿಲ್ಲ. ಕರಗಬೇಕಿತ್ತು, ಕರಗಿಲ್ಲ."

ಮುದ್ದಕ್ಕನ ಒಂಟಿ ಕಣ್ಣು ಅರಳಿತು. ದೇವರು ದೊಡ್ಡವನು! ಬೋಲ್ಟೇ ಮಾಯವಾಗಿ ವಾಲ್ವ್ ಆಗಿತ್ತು. ಮಂಗಳಾದೇವಿಗೆ ಹೇಳಿಕೊಂಡ ಹರಕೆ ಇಷ್ಟು ಬೇಗ ಫಲಿಸುತ್ತದೆಂದು ಅವರೂ ಎಣಿಸಿರಲಿಲ್ಲ. ಸೊಸೆಯ ಕಡೆ ತಿರುಗಿ ತುಟಿಗೆ ಬೆರಳಿಟ್ಟು ಸನ್ನೆ ಮಾಡಿದರು. ಸುಮ್ಮನಿರು, ಮಾತಾಡಬೇಡ.

ಲತೇಶ್ ಫೋನ್ ಹಿಡಿದು ಜಗಲಿಗೆ ಹೋದ. ವಾಲ್ವಿನ ಮೇಲಿನ ಅಕ್ಷರಗಳನ್ನು ಯಾರಿಗೋ ಓದಿ ಹೇಳುವುದು ಕೇಳಿಸಿತು. "ಹೌದು ಸಾರ್, ಅದೇ ಲಾಟ್... ಹೌದು, ಇದೂ," ಎಂದ. ಇದೂ ಎಂದರೆ?

ಆದರೆ ಅನುಷ್ಕಾಗೆ ಆಗ ಆ ಮಾತಿನ ಮೇಲೆ ಗಮನ ನಿಲ್ಲಲಿಲ್ಲ. ಅವಳು ಮುಚ್ಚಳವನ್ನೇ ನೋಡುತ್ತಿದ್ದಳು. ವಾಲ್ವ್ ಇದೆ. ಬೋಲ್ಟ್ ಇಲ್ಲ. ಬೋಲ್ಟ್ ಹಾಕಿದ್ದನ್ನು ತಾನೇ ಕಣ್ಣಾರೆ ಕಂಡದ್ದು. ಹಾಗಾದರೆ ಇದು ಮಾಮಿಯ ಮುಚ್ಚಳ ಅಲ್ಲ.

ಹೊಸ ಅಕ್ಕಿ ಊಟದ ದಿನ ನಿರೀಕ್ಷಾ ಮಗುವನ್ನು ಎತ್ತಿಕೊಂಡು ರಿಕ್ಷಾದಲ್ಲಿ ಬಂದಿದ್ದಳು. ತೊಂಡೆಕಾಯಿ ಪಲ್ಯಕ್ಕೆ ಕಡಲೆ ಬೇಯಿಸಿ ಕುಕ್ಕರ್ ಸಮೇತ ತಂದಿದ್ದಳು. ಮಗಳು ತಂದ ಪಾತ್ರೆಯನ್ನು ಖಾಲಿ ಕಳಿಸುವುದುಂಟೇ? ತವರಿನಿಂದ ಖಾಲಿ ಪಾತ್ರೆ ಹೋಗಬಾರದು, ಅದು ಈ ಮನೆಯಲ್ಲಿ ಅಜ್ಜಿಯ ಕಾಲದ ಕಟ್ಟಳೆ. ಸಂಜೆ ಹಿತ್ತಲಲ್ಲಿ ಎರಡೂ ಕುಕ್ಕರ್ ತೊಳೆದು ಕವುಚಿ, ಎರಡೂ ಮುಚ್ಚಳ ಗೋಡೆಗೆ ಒರಗಿಸಿ ಇಟ್ಟಿದ್ದರು. ಕರೆಂಟು ಬೇರೆ ಹೋಗಿತ್ತು. ಮುದ್ದಕ್ಕ ಒಂದು ಪಾತ್ರೆಗೆ ಪಾಯಸ ತುಂಬಿ, ಕೈಗೆ ಸಿಕ್ಕಿದ ಮುಚ್ಚಳ ಹಾಕಿ, ಬಟ್ಟೆ ಸುತ್ತಿ ರಿಕ್ಷಾಕ್ಕೆ ಇಟ್ಟರು. ಪಾತ್ರೆಯ ತಳಕ್ಕೆ ನಂಬರ್ ಉಂಟು. ಮುಚ್ಚಳಕ್ಕೆ ಇಲ್ಲ. ಆಮೇಲೂ ಬೋಲ್ಟ್ ಉಂಟೋ ಇಲ್ಲವೋ ಎಂದು ಯಾರೂ ನೋಡಲಿಲ್ಲ.

ಬೋಲ್ಟ್ ಕಾವೂರಿನಲ್ಲಿದೆ.

ಅನುಷ್ಕಾ ಮಾಮಿಯ ಕುರ್ಚಿಯ ಬಳಿ ಕುಕ್ಕರಿಸಿ ಕೂತು, ಪಿಸುದನಿಯಲ್ಲಿ, "ಮಾಮಿ, ಇದು ನಿರೀಕ್ಷಾಳ ಮುಚ್ಚಳ. ನಮ್ಮದು ಅಲ್ಲಿ ಉಂಟು," ಎಂದಳು.

ಮುದ್ದಕ್ಕನಿಗೆ ಮೊದಲು ತಲೆಗೆ ಹೋಗಲಿಲ್ಲ. "ಉಂಟಲ್ಲ, ಇರ್ಲಿ. ಅವನು ಹೋದ ಮೇಲೆ ಹೇಳುವ. ಈಗ ಬಾಯಿ ಬಿಡಬೇಡ. ಅವನು ಬರೆದುಕೊಂಡು ಹೋಗ್ಲಿ."

"ಅವಳು ಈಗ ಅನ್ನಕ್ಕೆ ಇಡುವ ಹೊತ್ತು, ಮಾಮಿ."

ಆಗ ಹೋಯಿತು ತಲೆಗೆ. ಮುದುಕಿಯ ಬಾಯಿಂದ ಹೊರಟ ಸ್ವರಕ್ಕೆ ಜಗಲಿಯಲ್ಲಿದ್ದ ಲತೇಶ್ ಫೋನ್ ಹಿಡಿದುಕೊಂಡೇ ಒಳಗೆ ಓಡಿ ಬಂದ. "ಬೋಲ್ಟ್! ಬೋಲ್ಟ್ ಹಾಕಿಸಿದ್ದು ನಾನು! ನನ್ನ ಮಗಳ ಮನೆಯಲ್ಲಿ ಉಂಟು! ನಾನೇ ತುಂಬಿಸಿ ಕೊಟ್ಟದ್ದು!" ಎಂದು ಅವರು ಎದೆ ಎದೆ ಬಡಿದುಕೊಳ್ಳುತ್ತಿದ್ದರು. ಅನುಷ್ಕಾ ಎರಡು ಮಾತಿನಲ್ಲಿ ವಿಷಯ ಹೇಳಿದಳು. ಅಲ್ಲಿಯವರೆಗೆ ಕನ್ನಡ ಬಿಟ್ಟು ಕದಲದಿದ್ದವನ ಬಾಯಿಯಿಂದ ತಟ್ಟನೆ ತುಳು ಹೊರಟಿತು: "ಅಕ್ಕಾ, ಬೇಗ ಫೋನ್ ಮಲ್ಪುಲೆ!"

ಮೊದಲ ಸಲ ರಿಂಗ್ ಆಗಿ ನಿಂತಿತು. ಎರಡನೆಯ ಸಲವೂ ಹಾಗೆಯೇ. ಮುದ್ದಕ್ಕ ಕಂಡ ಕಂಡ ದೈವಗಳನ್ನೆಲ್ಲ ಕರೆಯುತ್ತಿದ್ದರು. ಮೂರನೆಯ ಸಲ ನಿರೀಕ್ಷಾ ಎತ್ತಿದಳು. ಹಿಂದಿನಿಂದ ಮಗುವಿನ ಕೇಕೆ ಕೇಳುತ್ತಿತ್ತು.

"ಎಂತ ಅತ್ತಿಗೆ? ಮಗುವನ್ನು ಮೀಯಿಸ್ತಾ ಇದ್ದೆ."

"ಕುಕ್ಕರ್ ಇಟ್ಟಿದ್ದೀಯಾ?"

"ಹೌದು, ಅನ್ನಕ್ಕೆ. ಯಾಕೆ?"

"ಅದರ ಮುಚ್ಚಳದಲ್ಲಿ ಬೋಲ್ಟ್ ಉಂಟಾ?"

"ಉಂಟು. ಇವರು ಯಾವತ್ತೋ ಹಾಕಿಸಿದ್ದು ಅಂತ ಎಣಿಸಿದೆ ನಾನು. ಎಂತ ವಿಷಯ?"

ಲತೇಶ್ ಫೋನ್ ಕಸಿದುಕೊಂಡ. "ಅಕ್ಕ, ನಾನು ಸರ್ವಿಸಿನವ. ಹೆದರಬೇಡಿ. ಸೀಟಿ ಬಂತಾ?"

"ಇಲ್ಲ. ಇಟ್ಟು ತುಂಬ ಹೊತ್ತಾಯ್ತು. ನಾನು ಈಗ ನೋಡುವ ಅಂತಲೇ..."

"ನೋಡ್ಲಿಕ್ಕೆ ಹೋಗಬೇಡಿ! ಅಡುಗೆಮನೆಗೆ ಕಾಲಿಡಬೇಡಿ. ಸಿಲಿಂಡರ್ ಎಲ್ಲಿ ಉಂಟು?"

"ಹೊರಗೆ, ಹಿಂದಿನ ಗೋಡೆಯ ಹತ್ತಿರ."

"ಮಗುವನ್ನು ಎತ್ತಿಕೊಳ್ಳಿ. ಎದುರಿನ ಬಾಗಿಲಿನಿಂದ ಹೊರಗೆ ಹೋಗಿ. ಮಗುವನ್ನು ದೂರದಲ್ಲಿ ಯಾರ ಕೈಗಾದರೂ ಕೊಟ್ಟು, ಸುತ್ತು ಬಂದು ರೆಗ್ಯುಲೇಟರ್ ಬಂದ್ ಮಾಡಿ. ಕಿಟಕಿ ಹತ್ತಿರ ನಿಲ್ಲಬೇಡಿ. ಫೋನ್ ಇಡಬೇಡಿ."

ಫೋನಿನಲ್ಲಿ ಚಪ್ಪಲಿಯ ಸದ್ದು, ಬಾಗಿಲು ಬಡಿದ ಸದ್ದು, ನೆರೆಯವಳಿಗೆ "ಬಾಯೀ, ಸ್ವಲ್ಪ ಹಿಡ್ಕೊಳ್ಳಿ" ಎಂಬ ಮಾತು. ಬೋಳಾರದ ಈ ಮನೆಯಲ್ಲಿ ಮೂವರೂ ಒಂದು ಸೀಟಿಗಾಗಿ ಕಾಯುತ್ತಿದ್ದರು. ಜನ್ಮದಲ್ಲಿ ಯಾರಾದರೂ ಕುಕ್ಕರಿನ ಕೂಗಿಗೆ ಹೀಗೆ ಕಾದದ್ದುಂಟೇ? ಮುದ್ದಕ್ಕ ಸೊಸೆಯ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಉಗುರು ನೆಟ್ಟು ರಕ್ತ ಬಂದದ್ದು ಅನುಷ್ಕಾಗೆ ಆಮೇಲೆ ಗೊತ್ತಾಯಿತು.

ನಿರೀಕ್ಷಾ ಏದುಸಿರು ಬಿಡುತ್ತ ಮನೆಯ ಹಿಂದೆ ಬಂದಂತಿತ್ತು. ಆಗ ಕೇಳಿಸಿತು. ಮೊದಲು ಸಣ್ಣಗೆ, ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ. ಆಮೇಲೆ ಉದ್ದಕ್ಕೆ, ಗೋಡೆಯಾಚೆಯಿಂದ.

"ಕೂಗಿತು," ಎಂದ ಲತೇಶ್. ಹಣೆಯನ್ನು ತೋಳಿನಿಂದ ಒರೆಸಿಕೊಂಡ. "ಹಬೆಯ ದಾರಿ ತೆರೆದುಂಟು. ರೆಗ್ಯುಲೇಟರ್ ಬಂದ್ ಆಯ್ತಾ? ಆಯ್ತಲ್ಲ, ಸಾಕು. ತಣ್ಣಗಾಗುವವರೆಗೆ ಯಾರೂ ಒಳಗೆ ಹೋಗಬೇಡಿ. ಆ ಮುಚ್ಚಳ ಇನ್ನು ಜನ್ಮದಲ್ಲಿ ಒಲೆಗೆ ಇಡಬೇಡಿ."

ಮುದ್ದಕ್ಕ ಫೋನ್ ಹಿಡಿದು ಅತ್ತರು. ಪಟ್ಟಿ ಕಟ್ಟಿದ ಕಣ್ಣಿನಿಂದಲೂ ನೀರು ಬಂತು. ಡಾಕ್ಟರು ಅಳಬಾರದು ಎಂದಿದ್ದರು, ಡಾಕ್ಟರಿಗೇನು ಗೊತ್ತು? "ಮಗಾ, ನಿನಗೆ ಹೇಳದೆ ಬಿಟ್ಟೆ. ಒಂದು ಮಾತು ಹೇಳಿದ್ದರೆ ನೀನೇ ನೋಡಿ ಹೇಳ್ತಿದ್ದೆ," ಎಂದು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದರು. ಅನುಷ್ಕಾ ಗೋಡೆಗೆ ಒರಗಿ ಕೂತಳು. ಉಳಿಯಿತು. ಮಗುವೂ ಉಳಿಯಿತು, ಅವಳೂ ಉಳಿದಳು. ಇನ್ನು ಏನು ಬೇಕಾದರೂ ಆಗಲಿ ಎನಿಸಿತು.

ಆ 'ಏನು ಬೇಕಾದರೂ' ಬರಲಿಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಲತೇಶನ ಫೋನ್ ಮತ್ತೆ ಹೊಡೆದುಕೊಂಡಿತು. ಜಗಲಿಗೆ ಹೋಗಿ, ಬರೇ "ಸಾರ್, ಸಾರ್" ಎಂದು, ಮರಳಿ ಬಂದು ಕೂತ. ರಿಪೋರ್ಟು ತೆಗೆದು ಬರೆಯತೊಡಗಿದ. ಮುಖ ಮೊದಲಿನ ಹಾಗೆ ಇಸ್ತ್ರಿಯಾಗಿತ್ತು.

"ತಾವು ಹೊರಗಿನವರಿಂದ ಭಾಗ ಬದಲಾಯಿಸಿದ್ದಾಗಿ ಒಪ್ಪಿದ್ದೀರಿ. ಅದನ್ನು ನಮೂದಿಸಿದ್ದೇನೆ. ಇಲ್ಲಿ ಸಹಿ ಹಾಕಿ. ಮುಚ್ಚಳವನ್ನು ಪರೀಕ್ಷೆಗೆ ಒಯ್ಯುತ್ತೇನೆ."

ಅನುಷ್ಕಾ ಕಾಗದ ತೆಗೆದುಕೊಂಡು ಓದಿದಳು. ಓದಿದ್ದು ಎರಡು ಸಲ. "ಯಾವ ಮುಚ್ಚಳ ಅಂತ ಬರೆಯಲಿಲ್ಲವಲ್ಲ?"

"ಅದು ವಿವರಕ್ಕೆ ಹೋಗ್ತದೆ."

"ಬೋಲ್ಟ್ ಇರುವುದು ಕಾವೂರಿನದರಲ್ಲಿ. ಸಿಡಿದದ್ದು ಇದು. ಇದರಲ್ಲಿ ನಿಮ್ಮದೇ ವಾಲ್ವ್ ಉಂಟು, ಕರಗಲಿಲ್ಲ. ನೀವೇ ಹೇಳಿದ್ದು. ಅದನ್ನೂ ಬರೆಯಿರಿ."

ಲತೇಶ್ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ಮೇಡಂ, ನೀವು ದೂರಿನಲ್ಲಿ ಇಲ್ಲ ಅಂತ ಬರೆದಿದ್ದೀರಿ. ಈಗ ಹೌದು ಅಂತೀರಿ. ನಿಮ್ಮ ಯಾವ ಮಾತು ನಂಬುವುದು ಅಂತ ಮೇಲಿನವರು ಕೇಳ್ತಾರೆ."

ಕೆನ್ನೆಗೆ ಹೊಡೆದ ಹಾಗಾಯಿತು. ಹೊಡೆದದ್ದು ನ್ಯಾಯವೇ ಎಂಬುದು ಇನ್ನೂ ಉರಿಯಿತು. ಕುರ್ಚಿಯಿಂದ ಮುದ್ದಕ್ಕ, "ಕೊಡು ಅನುಷ್ಕಾ, ಕೊಟ್ಟುಬಿಡು. ನನ್ನ ಮಗಳ ಜೀವ ಉಳಿಸಿದ ಪುಣ್ಯಾತ್ಮ. ಒಂದು ಕಣ್ಣು ಉಂಟಲ್ಲ, ಸಾಕು ನನಗೆ," ಎಂದರು.

ಲತೇಶ್ ಮುಚ್ಚಳಕ್ಕೆ ಕೈ ಹಾಕುವ ಮೊದಲೇ ಅನುಷ್ಕಾ ಅದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ತಲೆ ತಿರುಗಲಿಲ್ಲ. "ಸಹಿ ಹಾಕುವುದಿಲ್ಲ. ಮುಚ್ಚಳವೂ ಕೊಡುವುದಿಲ್ಲ. ಗ್ರಾಹಕರ ಕೋರ್ಟು ಉಂಟು, ಅಲ್ಲಿ ಕೊಡ್ತೇನೆ. ನಾನು ಸುಳ್ಳು ಬರೆದದ್ದನ್ನೂ ಅಲ್ಲೇ ಹೇಳ್ತೇನೆ." ಮತ್ತೆ, "ಇದೇ ಲಾಟಿನದ್ದು, ಇದರ ಒಟ್ಟಿಗೆ ಮಾಡಿದ್ದು, ಇನ್ನೆಷ್ಟು ಮನೆಗೆ ಹೋಗಿ ಉಂಟು?"

ಲತೇಶ್ ಸಹಿ ಇಲ್ಲದ ಕಾಗದವನ್ನು ಬ್ಯಾಗಿಗೆ ಹಾಕಿದ, ಮುದ್ದಕ್ಕನಿಗೆ ಕೈ ಮುಗಿದ, ಚಪ್ಪಲಿ ಮೆಟ್ಟಿಕೊಂಡು ಹೋದ.

ಬೈಕ್ ಸ್ಟಾರ್ಟ್ ಆದ ಸದ್ದು ಬರಲಿಲ್ಲ. ಅನುಷ್ಕಾ ಮುಚ್ಚಳ ಹಿಡಿದುಕೊಂಡೇ ಕಿಟಕಿಯ ಹತ್ತಿರ ಹೋದಳು. ಗೇಟಿನ ಹೊರಗೆ ಹೆಲ್ಮೆಟ್ ಕೈಯಲ್ಲಿ ಹಿಡಿದು, ಬೆನ್ನು ಹಾಕಿ ನಿಂತು, ಲತೇಶ್ ಫೋನಿನಲ್ಲಿ ಮಾತಾಡುತ್ತಿದ್ದ. ತುಳುವಿನಲ್ಲಿ. 

"ಇವತ್ತು ಕುಕ್ಕರ್ ಇಡಬೇಡ. ಇಟ್ಟಿದ್ದರೆ ಹತ್ತಿರ ಹೋಗಬೇಡ. ಆಫೀಸಿನಿಂದ ಕೊಟ್ಟದ್ದೇ, ಅದೇ. ಯಾಕೆ ಅಂತ ಕೇಳಬೇಡ ಮಾರಾಯ್ತಿ, ಬಂದು ಹೇಳ್ತೇನೆ. ಅನ್ನ ಪಾತ್ರೆಯಲ್ಲೇ ಮಾಡು. ಪಕ್ಕದ ಮನೆಯವರಿಗೆ ಹೇಳಬೇಡ."

ಒಳಗಿನಿಂದ ಮುದ್ದಕ್ಕ, "ಹೋದನಾ ಅವನು?" ಎಂದು ಕೇಳಿದರು.

"ಇಲ್ಲ ಮಾಮಿ," ಎಂದಳು ಅನುಷ್ಕಾ. "ಮನೆಗೆ ಫೋನ್ ಮಾಡ್ತಾ ಇದ್ದಾನೆ."